ಬಾಣಲೆಯಾದ ಕಮಾನು

ನನ್ನ ವರ್ಕ್‌ಶಾಪಿನಲ್ಲಿ ಒಂದೇ ಕಾನೂನು. ಲಿಸ್ಟಿನಲ್ಲಿ ಏನು ಬರೆದಿದೆಯೋ ಅದನ್ನು ಕತ್ತರಿಸಬೇಕು. ಯಾಕೆ, ಏನು, ಎತ್ತ ಅಂತ ಕೇಳುವ ಹಾಗಿಲ್ಲ. ಕೇಳಿದವನಿಗೆ ನಾನು ಏನು ಹೇಳುತ್ತೇನೆ ಅನ್ನುವುದು ಬೀದಿಯ ಆ ತುದಿಯ ಪಂಚರ್ ಅಂಗಡಿಯವನಿಗೂ ಗೊತ್ತು, ಯಾಕೆಂದರೆ ಅಲ್ಲಿಯವರೆಗೂ ಕೇಳಿಸುತ್ತದೆ.

ಈ ಕಾನೂನು ಮಾಡಿದವನು ನಾನೇ. ಅದಕ್ಕೆ ತಲೆ ಕೊಟ್ಟವನೂ ನಾನೇ.

ನಾವು ಗೇಟು, ಕಿಟಕಿ ಜಾಲರಿ, ಮೆಟ್ಟಿಲ ಕಟಕಟೆ ಮಾಡುವವರು. ಒಟ್ಟು ಐದು ಜನ. ನಾನು. ಕತ್ತರಿಸುವ ಮೆಷೀನಿನ ಮುಂದೆ ನಿಂತು ನಿಂತು ಬೆನ್ನು ಅರ್ಧಚಂದ್ರವಾಗಿರುವ ತಾತ. ಅವರು ನನ್ನ ತಾತ ಅಲ್ಲ, ಎಲ್ಲರಿಗೂ ತಾತ. ಆಮೇಲೆ ಕುಳ್ಳ ಮತ್ತು ಉದ್ದಣ್ಣ, ಇಬ್ಬರು ವೆಲ್ಡರುಗಳು. ಕುಳ್ಳನ ತಂಗಿಯನ್ನು ಉದ್ದಣ್ಣನಿಗೆ ಕೊಟ್ಟಿದೆ. ಒಂದು ಜೊತೆ ಕಪ್ಪು ಕನ್ನಡಕ ಯಾರದು ಅನ್ನುವ ವಿಷಯಕ್ಕೆ ಜಗಳವಾಡಿ ನಾಲ್ಕು ತಿಂಗಳಿಂದ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ. ಕುಳ್ಳ ಈ ಗೋಡೆಯ ಪಕ್ಕದ ಬೆಂಚಿನಲ್ಲಿ, ಉದ್ದಣ್ಣ ಆ ಗೋಡೆಯ ಪಕ್ಕದ ಬೆಂಚಿನಲ್ಲಿ. ನಡುವೆ ನಾನು, ಇವನು ಹೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ಇವನಿಗೆ ಮುಟ್ಟಿಸುವ ಟಪಾಲಿನವನು.

ಐದನೆಯವಳು ನನ್ನ ಅಕ್ಕನ ಮಗಳು. ಗಣಿತ ಓದಿದವಳು. ಓದು ಮುಗಿಸಿ, ಬೇರೆ ಕಡೆ ಎರಡು ಕೆಲಸ ನೋಡಿ, ಎರಡನ್ನೂ ಬಿಟ್ಟು, ಒಂದು ದಿನ ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಬಂದು ನಿಂತಳು.

"ಮಾವಾ, ನಿನ್ನ ಲಿಸ್ಟುಗಳನ್ನೆಲ್ಲ ನಾನು ಮಾಡ್ತೀನಿ. ನನಗೆ ಕಬ್ಬಿಣದ ಕೆಲಸ ಇಷ್ಟ."

"ಕಬ್ಬಿಣದ ಕೆಲಸ ಅಂದ್ರೆ ಕೈಯಲ್ಲಿ ಬೊಬ್ಬೆ ಬರಬೇಕು."

"ನಿನ್ನ ಬೊಬ್ಬೆ ಕೇಳಿ ಕೇಳಿ ಕಿವಿಯಲ್ಲೇ ಬಂದಿದೆ, ಸಾಕಲ್ವಾ?"

ಅಕ್ಕನ ನಾಲಿಗೆ, ಹಾಗೇ ಇಳಿದು ಬಂದಿದೆ. ನಾನು ಒಪ್ಪಿದೆ. ಕೂರಲು ಜಾಗ ಕೊಟ್ಟೆ: ಖಾಲಿ ಪೇಂಟ್ ಡ್ರಮ್ ಮೇಲೆ ಒಂದು ಹಲಗೆ. ಟೇಬಲ್ ಕೇಳಿದಳು. ಗೇಟು ಮಾಡುವ ಅಂಗಡಿಯಲ್ಲಿ ಟೇಬಲ್ ಯಾಕೆ ಅಂದೆ. ಮೊದಲು ನೀನು ನಿಲ್ಲುತ್ತೀಯೋ ನೋಡೋಣ, ಆಮೇಲೆ ಟೇಬಲ್ ನಿಲ್ಲಿಸೋಣ ಅಂದೆ.

ಮೂರನೇ ವಾರಕ್ಕೇ ಎಡವಿದಳು. ಒಂದು ದೊಡ್ಡ ಜಾಲರಿ ಕೆಲಸಕ್ಕೆ ಇಪ್ಪತ್ತು ಲೀಟರ್ ಪ್ರೈಮರ್ ಬೇಕಿತ್ತು. ಚೆಲ್ಲುವುದಕ್ಕೆ, ಬ್ರಷ್ ಕುಡಿಯುವುದಕ್ಕೆ ಅಂತ ಹತ್ತು ಪರ್ಸೆಂಟ್ ಸೇರಿಸು ಅಂದೆ. ಸೇರಿಸಿದಳು. ನಾನು ಲಿಸ್ಟನ್ನು ಓದದೆ, ನನ್ನ ಕಾನೂನಿನಂತೆ, ಪೇಂಟ್ ಅಂಗಡಿಯವನ ಕೈಗೆ ಕೊಟ್ಟೆ. ಅವನು ಲಿಸ್ಟನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ.

"ಇಪ್ಪತ್ತು ಪಾಯಿಂಟ್ ಒಂದು ಲೀಟರಾ? ಇಪ್ಪತ್ತು ಲೀಟರ್ ಡಬ್ಬಿ ಇದೆ. ಆ ಪಾಯಿಂಟ್ ಒಂದನ್ನು ಯಾವುದರಲ್ಲಿ ಕೊಡಲಿ ಯಜಮಾನ್ರೇ, ಕೆಮ್ಮಿನ ಔಷಧಿ ಬಾಟ್ಲಲ್ಲಾ?"

ಅಂಗಡಿಯಲ್ಲಿದ್ದ ಐದಾರು ಜನ ನಕ್ಕರು. ನಾನು ಬಂದವನೇ ಡ್ರಮ್ಮಿನ ಮುಂದೆ ನಿಂತು ಕಿರುಚಿದೆ. ಅವಳು ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಇಪ್ಪತ್ತು ಕೂಡಿಸು ಹತ್ತು ಪರ್ಸೆಂಟ್ ಅಂತ ಅವಳು ಬರೆದಿದ್ದು ನಿಜ. ನಾನು ಹೇಳಿದ್ದೂ ಅದನ್ನೇ.

ನಾನು ನನ್ನ ಹಳೇ ಕ್ಯಾಲ್ಕುಲೇಟರ್ ತೆಗೆದೆ. ಅಂಗೈಗಿಂತ ದೊಡ್ಡದು, ಬಿಸಿಲಿನಲ್ಲಿ ಓಡುತ್ತದೆ, ನಾಲ್ಕು ಸಲ ಮಾಳಿಗೆಯಿಂದ ಬಿದ್ದಿದೆ. ಇಪ್ಪತ್ತು, ಪ್ಲಸ್, ಹತ್ತು, ಪರ್ಸೆಂಟ್ ಒತ್ತಿದೆ. ಇಪ್ಪತ್ತೆರಡು ಅಂದಿತು.

"ನೋಡು! ಇದು ಯಂತ್ರ! ನಿನ್ನದು ತಂತ್ರ!"

"ಮಾವಾ, ನಿನ್ನ ಯಂತ್ರ ಹತ್ತು ಪರ್ಸೆಂಟ್ ಅಂದ್ರೆ 'ಮುಂಚೆ ಒತ್ತಿದ ಇಪ್ಪತ್ತರಲ್ಲಿ ಹತ್ತು ಪರ್ಸೆಂಟ್' ಅಂತ ತಾನೇ ಊಹಿಸ್ಕೊಳ್ಳತ್ತೆ. ನನ್ನದು ಊಹಿಸಲ್ಲ. ಹತ್ತು ಪರ್ಸೆಂಟ್ ಅಂದ್ರೆ ನೂರರಲ್ಲಿ ಹತ್ತು, ಅಂದ್ರೆ ಸೊನ್ನೆ ಪಾಯಿಂಟ್ ಒಂದು. ಅದನ್ನು ಮೊದಲು ಮಾಡಿ ಆಮೇಲೆ ಕೂಡಿಸತ್ತೆ. ಇಪ್ಪತ್ತನ್ನ ಒಂದು ಪಾಯಿಂಟ್ ಒಂದರಿಂದ ಗುಣಿಸು ಅಂತ ಬರೀಬೇಕಿತ್ತು. ತಪ್ಪು ನನ್ನದೇ."

"ಗೊತ್ತಾಯ್ತಲ್ಲ? ಇನ್ನೊಂದೇ ಒಂದು ತಪ್ಪು ಲಿಸ್ಟಲ್ಲಿ ಬಂತೋ, ಕಂಪ್ಯೂಟರ್ ಕಟ್ಟಿ ನಿಮ್ಮಮ್ಮನ ಮನೆಗೆ."

ಎಲ್ಲರ ಮುಂದೆ ಅಂದೆ. ತಾತ ಮೆಷೀನ್ ನಿಲ್ಲಿಸಿ ಕೇಳಿಸಿಕೊಂಡರು. ನಾನು ಅಂದದ್ದನ್ನು ಮಾಡುವವನು ಅನ್ನುವುದು ಎಲ್ಲರಿಗೂ ಗೊತ್ತು. ಅದೇ ನನ್ನ ಕಷ್ಟ.

ಅದಾದ ಮೇಲೆ ದನದ ಆಸ್ಪತ್ರೆಯ ಗೇಟು ಬಂತು. ಅಲ್ಲಿಯ ಡಾಕ್ಟರಮ್ಮ ತಾವೇ ಬಂದು ಚೀಟಿ ಬರೆದುಕೊಟ್ಟರು. ಎರಡು ಕದದ ಗೇಟು. ಒಟ್ಟು ಅಗಲ ಮೂರು ಮೀಟರ್. ಮೇಲೆ ಕಮಾನು. ನಡುವೆ ಎರಡು ಕದ ಸೇರುವಲ್ಲಿ ಎತ್ತರ ಇನ್ನೂರ ಹತ್ತು ಸೆಂಟಿಮೀಟರ್, ಎರಡೂ ಕಡೆ ಕಂಬದ ಹತ್ತಿರ ನೂರ ಅರವತ್ತೈದು. ಕಂಬ ಆಗಲೇ ಕಟ್ಟಿಸಿದ್ದರು, ನೂರ ಎಂಬತ್ತರದ್ದು.

"ಶುಕ್ರವಾರ ನಾಲ್ಕು ಗಂಟೆಗೆ ಬಂದು ನೋಡ್ತೀನಿ. ಶನಿವಾರ ನಿಲ್ಲಿಸಬೇಕು. ಹಳೇ ಗೇಟು ಮುರಿದು ಎರಡು ಎಮ್ಮೆ ಆಗಲೇ ಡಿಸ್ಚಾರ್ಜ್ ಆಗುವ ಮುಂಚೆಯೇ ಓಡಿಹೋಗಿವೆ," ಅಂದರು ಡಾಕ್ಟರಮ್ಮ.

ಕಮಾನು ಅಂದರೆ ನಮ್ಮಲ್ಲಿ ತಾತನ ಪದ್ಧತಿ ಒಂದಿತ್ತು. ನೆಲದ ಮೇಲೆ ಮೂರು ಮೊಳೆ ಹೊಡೆಯುವುದು, ಎರಡು ಕಡೆ, ನಡುವೆ ಒಂದು. ತೆಳ್ಳಗಿನ ಉದ್ದ ಮರದ ರೀಪನ್ನು ಆ ಮೂರಕ್ಕೂ ತಾಗುವಂತೆ ಬಗ್ಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಪೂರ್ತಿ ಗೇಟಿನ ಚಿತ್ರ ನೆಲದ ಮೇಲೆ. ಆಮೇಲೆ ಒಂದೊಂದೇ ಸರಳನ್ನು ಅದರ ಮೇಲಿಟ್ಟು ಗುರುತು ಮಾಡಿ ಕತ್ತರಿಸುವುದು. ಅರ್ಧ ದಿನದ ಕೆಲಸ, ಅಷ್ಟು ಹೊತ್ತು ಯಾರೂ ವರ್ಕ್‌ಶಾಪಿನಲ್ಲಿ ಓಡಾಡುವ ಹಾಗಿಲ್ಲ, ಗೆರೆ ಅಳಿಸಿದರೆ ತಾತ ಬೈಗುಳದಲ್ಲೇ ಬಗ್ಗಿಸುತ್ತಿದ್ದರು.

"ಅದೆಲ್ಲ ಬೇಡ ಮಾವಾ, ನಡುವಿನಿಂದ ಎಷ್ಟು ದೂರ ಇದೆಯೋ ಅದನ್ನು ಅದರಿಂದಲೇ ಗುಣಿಸಿ, ಐನೂರರಿಂದ ಭಾಗಿಸಿ, ಇನ್ನೂರ ಹತ್ತರಲ್ಲಿ ಕಳೆದ್ರೆ ಆ ಸರಳಿನ ಉದ್ದ ಬರತ್ತೆ. ಕಂಬದ ಹತ್ತಿರ ದೂರ ನೂರೈವತ್ತು. ಕಳೆಯೋದು ನಲವತ್ತೈದು. ಉಳಿಯೋದು ನೂರ ಅರವತ್ತೈದು. ಚೀಟಿಯಲ್ಲಿರೋದೇ," ಅಂದಳು ಸೊಸೆ.

ಅಕ್ಕನ ಮಗಳನ್ನು ನಾನು ಸೊಸೆ ಅಂತಲೇ ಕರೆಯುವುದು. ಅವಳು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಒಂದು ಸಾಲು ಬರೆದು ಕೆಳಕ್ಕೆ ಎಳೆದಳು. ಹದಿನೈದು ಸೆಂಟಿಮೀಟರಿಗೆ ಒಂದರಂತೆ, ನಡುವಿನ ಸೊನ್ನೆ ನಂಬರಿನಿಂದ ಕಂಬದ ಪಕ್ಕದ ಹತ್ತನೇ ನಂಬರಿನವರೆಗೆ, ಒಂದು ಕದಕ್ಕೆ ಹನ್ನೊಂದು ಸರಳಿನ ಉದ್ದ ಟಕಟಕ ಅಂತ ಬಿತ್ತು. ಎರಡು ಕದಕ್ಕೂ ಅದೇ ಲಿಸ್ಟ್. ಕದ ಒಂದಕ್ಕೆ ಒಂದರಂತೆ ಎರಡು ಪ್ರತಿ ಮಾಡಿ ತಾತನಿಗೆ ಕೊಟ್ಟಳು.

"ಸರಿ ನೋಡಿದ್ಯಾ?" ಅಂತ ಕೇಳಿದೆ.

"ನೋಡ್ದೆ ಮಾವಾ. ನಡುವಿಂದು ಇನ್ನೂರ ಹತ್ತು ಬಂದಿದೆ. ಕಂಬದ ಹತ್ತಿರದ್ದನ್ನ ನನ್ನ ಕಾಲೇಜ್ ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡ್ದೆ, ನೂರ ಅರವತ್ತೈದೇ ಬಂತು."

ನನಗೆ ಸಾಕಾಯಿತು. ತಾತ ಕತ್ತರಿಸಲು ನಿಂತರು. ಒಂದು ಗಂಟೆಯಾದ ಮೇಲೆ ಮೆಷೀನ್ ನಿಲ್ಲಿಸಿ ನನ್ನ ಹತ್ತಿರ ಬಂದರು. ಕೈಯಲ್ಲಿ ಲಿಸ್ಟ್.

"ಅಲ್ಲಪ್ಪಾ, ಹತ್ತನೇ ನಂಬರು ಸೊನ್ನೆಗಿಂತ ಉದ್ದ ಇದೆ."

"ತಾತ, ಲಿಸ್ಟಲ್ಲಿ ಏನಿದೆ?"

"ಇನ್ನೂರೈವತ್ತೈದು."

"ಹಾಗಾದ್ರೆ ಇನ್ನೂರೈವತ್ತೈದು ಕತ್ತರಿಸಿ."

"ಕಮಾನು ಅಂದ್ರೆ ನಡುವೆ ಅಲ್ವೇನಪ್ಪ ಎತ್ತರ..."

"ನೀವು ಕಾಲೇಜಲ್ಲಿ ಓದಿದ್ದೀರಾ?"

"ಇಲ್ಲ."

"ನಾನೂ ಓದಿಲ್ಲ. ಕತ್ತರಿಸಿ!"

ನಾನು ಆಗ ಫೋನಿನಲ್ಲಿ ಕಬ್ಬಿಣದವನ ಜೊತೆ ಜಗಳದಲ್ಲಿದ್ದೆ. ಅರ್ಧ ಕಿವಿ ಅವನಿಗೆ, ಅರ್ಧ ತಾತನಿಗೆ. ಇನ್ನೂರೈವತ್ತೈದು ಅನ್ನುವ ಸಂಖ್ಯೆ ಎರಡು ಕಿವಿಯ ನಡುವೆ ಎಲ್ಲಿಯೋ ಬಿದ್ದುಹೋಯಿತು. ತಾತ ಹೆಗಲು ಕುಣಿಸಿ ಹೋದರು. ಸರಳುಗಳಿಗೆ ಸೊನ್ನೆಯಿಂದ ಹತ್ತರವರೆಗೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಒಂದು ಕಟ್ಟು ಕುಳ್ಳನಿಗೆ, ಒಂದು ಕಟ್ಟು ಉದ್ದಣ್ಣನಿಗೆ ಕೊಟ್ಟರು.

ಮಾತಾಡುವ ಇಬ್ಬರು ವೆಲ್ಡರುಗಳಿದ್ದಿದ್ದರೆ ಅಲ್ಲಿಗೆ ಗೊತ್ತಾಗಿಬಿಡುತ್ತಿತ್ತು. ನಮ್ಮವರು ಬೆನ್ನಿಗೆ ಬೆನ್ನು ಹಾಕಿ ಒಬ್ಬ ಎಡಗದ, ಒಬ್ಬ ಬಲಗದ ಮಲಗಿಸಿಕೊಂಡು ನಂಬರಿಗೆ ನಂಬರು ಜೋಡಿಸಿ ಬೆಸೆದರು. ಮೇಲಿನ ಪಟ್ಟಿಯನ್ನು ಸರಳಿನ ತುದಿಗಳಿಗೆ ತಾಗುವಂತೆ ಬಗ್ಗಿಸಿ ಮುಚ್ಚಿದರು. ಒಂದೇ ಕದವನ್ನು ಮಲಗಿಸಿ ನೋಡಿದರೆ ಒಂದು ಕಡೆ ಇಳಿಜಾರು ಕಾಣುತ್ತದೆ, ಅಷ್ಟೆ. ಯಾವ ಕಡೆ ಕಂಬ, ಯಾವ ಕಡೆ ನಡು ಅಂತ ಮಲಗಿದ ಕದ ಬಾಯಿಬಿಟ್ಟು ಹೇಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡು ಕದವನ್ನೂ ಎತ್ತಿ ಗೋಡೆಗೆ ಒರಗಿಸಿ ಜೋಡಿಸಿದೆವು. ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದೆ.

ಕಮಾನು ಇರಲಿಲ್ಲ. ಬಾಣಲೆ ಇತ್ತು. ನಡುವೆ ತಗ್ಗು, ಎರಡು ಕಡೆ ಎತ್ತರ. ಎರಡೂ ತುದಿ ಸೂರಿಗೆ ಕೊಂಬು ಚಾಚಿಕೊಂಡು ನಿಂತಿದ್ದವು. ನೂರ ಎಂಬತ್ತರ ಕಂಬದ ಪಕ್ಕ ಇದನ್ನು ನಿಲ್ಲಿಸಿದರೆ ಎರಡೂ ಕಡೆ ಮುಕ್ಕಾಲು ಮೀಟರ್ ಕಂಬದ ತಲೆ ಮೇಲೆ.

ಕುಳ್ಳ ನಾಲ್ಕು ತಿಂಗಳಲ್ಲಿ ಮೊದಲ ಸಲ ಉದ್ದಣ್ಣನ ಕಡೆ ತಿರುಗಿದ.

"ಇದು ನಿನ್ನ ಕದದ ತಪ್ಪು."

"ನಿನ್ನ ಕದವೂ ಹೀಗೇ ಇದೆಯಲ್ಲೋ!"

"ನಿನ್ನದು ನೋಡಿ ಹಾಗಾಗಿದೆ."

ನಾನು ಬಾಯಿ ತೆರೆದೆ. ಏನೇನು ಅಂದೆ ಅಂತ ಬರೆದರೆ ಪುಸ್ತಕ ಅಚ್ಚು ಹಾಕುವವರು ವಾಪಸ್ ಕಳಿಸುತ್ತಾರೆ. ಸೊಸೆ ಓಡಿ ಬಂದಳು. ಗೇಟನ್ನು ನೋಡಿದಳು, ಕಂಪ್ಯೂಟರಿನ ಹತ್ತಿರ ಓಡಿದಳು, ಕಾಲೇಜ್ ಕ್ಯಾಲ್ಕುಲೇಟರ್ ತೆಗೆದಳು. ಡ್ರಮ್ಮಿನ ಸುತ್ತ ಎಲ್ಲರೂ ಮುತ್ತಿದೆವು.

"ಇದರಲ್ಲಿ ನೋಡು ಮಾವಾ, ಮೈನಸ್ ನೂರೈವತ್ತು ಸ್ಕ್ವೇರ್, ಭಾಗಿಸು ಐನೂರು, ಕೂಡಿಸು ಇನ್ನೂರ ಹತ್ತು. ನೂರ ಅರವತ್ತೈದು! ಸರಿ ಇದೆ!"

"ಕಂಪ್ಯೂಟರಲ್ಲಿ?"

ಅದೇ ಸಾಲು. ಮೈನಸ್ಸು, ದೂರದ ಸ್ಕ್ವೇರ್, ಭಾಗಿಸು ಐನೂರು, ಕೂಡಿಸು ಇನ್ನೂರ ಹತ್ತು. ಒಂದು ಚಿಹ್ನೆಯ ವ್ಯತ್ಯಾಸವಿಲ್ಲ. ಪಕ್ಕದಲ್ಲಿ ನಾಚಿಕೆಯಿಲ್ಲದೆ ಕೂತಿತ್ತು: ಇನ್ನೂರೈವತ್ತೈದು.

"ಒಂದು ಯಂತ್ರ ಸುಳ್ಳು ಹೇಳ್ತಿದೆ. ಯಾವುದು?" ಅಂದೆ.

"ಗೊತ್ತಿಲ್ಲ," ಅಂದಳು. ಮುಖ ಬಿಳಿಚಿತ್ತು.

"ನನಗೆ ಗೊತ್ತು. ಕೊಡಿ ಇಲ್ಲಿ ನನ್ನ ಕ್ಯಾಲ್ಕುಲೇಟರ್. ಇಪ್ಪತ್ತೆರಡು ಲೀಟರ್ ಸರಿಯಾಗಿ ಹೇಳಿದ್ದು ಇದೊಂದೇ. ಇದೇ ತೀರ್ಪು ಕೊಡಲಿ."

ಅಂಗಿಯ ತುದಿಯಿಂದ ಗಾಜು ಒರೆಸಿ ಎಲ್ಲರಿಗೂ ಕಾಣುವಂತೆ ಹಿಡಿದೆ. ಗಟ್ಟಿಯಾಗಿ ಹೇಳುತ್ತಾ ಒತ್ತಿದೆ. ಇನ್ನೂರ ಹತ್ತು. ಕಳೆ. ನೂರೈವತ್ತು. ಗುಣಿಸು. ನೂರೈವತ್ತು. ಭಾಗಿಸು. ಐನೂರು. ಸಮ.

ಹದಿನೆಂಟು.

ನಾನು ನೋಡಿದೆ. ತಾತ ನೋಡಿದರು. ಕುಳ್ಳ ತುದಿಗಾಲ ಮೇಲೆ ನಿಂತು ನೋಡಿದ.

"ಹದಿನೆಂಟು ಸೆಂಟಿಮೀಟರ್. ಹೊಸ್ತಿಲು ಮಾಡಿಕೊಟ್ಟಂಗಾಯ್ತು. ಕೋಳಿಮರಿ ಹಾರತ್ತೆ," ಅಂದ ಉದ್ದಣ್ಣ.

"ಕೋಳಿಮರಿ ಅಲ್ಲ, ಮೊಟ್ಟೇನೇ ಉರುಳಿಕೊಂಡು ಹೋಗತ್ತೆ," ಅಂದ ಕುಳ್ಳ. ಇಬ್ಬರೂ ಒಟ್ಟಿಗೆ ನಕ್ಕರು. ಆಮೇಲೆ ತಮ್ಮ ಜಗಳ ನೆನಪಾಗಿ ಇಬ್ಬರೂ ಒಟ್ಟಿಗೆ ನಿಲ್ಲಿಸಿದರು.

ಇನ್ನೊಮ್ಮೆ ಒತ್ತಿದೆ. ಹದಿನೆಂಟು. ಬಿಸಿಲಿಗೆ ಹಿಡಿದು ಒತ್ತಿದೆ. ಹದಿನೆಂಟೇ. ಒಂದು ಸರಳು, ಮೂರು ಯಂತ್ರ, ಮೂರು ಉದ್ದ. ನೆಲಕ್ಕೆ ಬಡಿಯಬೇಕು ಅನ್ನಿಸಿತು. ಐದನೇ ಸಲ ಬಿದ್ದರೂ ಅದಕ್ಕೇನೂ ಆಗುವುದಿಲ್ಲ ಅಂತ ನೆನಪಾಗಿ ಸುಮ್ಮನಾದೆ.

ನನ್ನ ಹದಿನೆಂಟನ್ನು ನೋಡಿದ್ದೇ ಸೊಸೆಯ ಮುಖಕ್ಕೆ ರಕ್ತ ವಾಪಸ್ ಬಂತು.

"ಮಾವಾ, ನಿನ್ನದು ಒತ್ತಿದ ಹಾಗೇ ಮಾಡ್ಕೊಂಡು ಹೋಗತ್ತೆ. ಇನ್ನೂರ ಹತ್ತರಲ್ಲಿ ನೂರೈವತ್ತು ಮೊದಲೇ ಕಳೆದುಬಿಡ್ತು, ಅರವತ್ತು. ಆಮೇಲೆ ಆ ಅರವತ್ತನ್ನ ಗುಣಿಸ್ತು, ಭಾಗಿಸ್ತು, ಹದಿನೆಂಟು. ಗುಣಾಕಾರ ಭಾಗಾಕಾರ ಮೊದಲು, ಕೂಡೋದು ಕಳೆಯೋದು ಆಮೇಲೆ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದು ಅದಕ್ಕೆ ಗೊತ್ತಿಲ್ಲ."

"ಅದು ಸ್ಕೂಲಿಗೆ ಹೋಗಿಲ್ಲ," ಅಂದರು ತಾತ. ನನ್ನನ್ನು ನೋಡಿಕೊಂಡೇ ಅಂದರು.

"ಯಾವುದನ್ನು ಮೊದಲು ಮಾಡಬೇಕು ಅನ್ನೋದರಲ್ಲೇ ವ್ಯತ್ಯಾಸ!" ಅವಳು ಕಂಪ್ಯೂಟರಿನ ಮೇಲೆ ಬಗ್ಗಿದಳು. "ಹಾಗಾದ್ರೆ ಇದರಲ್ಲೂ..." ಪರದೆಯ ಒಂದು ಖಾಲಿ ಚೌಕದಲ್ಲಿ ಮೈನಸ್ ಮೂರು ಸ್ಕ್ವೇರ್ ಅಂತ ಮಾತ್ರ ಬರೆದಳು. ಒಂಬತ್ತು ಅಂದಿತು. ಕಾಲೇಜ್ ಕ್ಯಾಲ್ಕುಲೇಟರಲ್ಲಿ ಅದನ್ನೇ ಒತ್ತಿದಳು. ಮೈನಸ್ ಒಂಬತ್ತು ಅಂದಿತು.

"ಸಿಕ್ತು!" ಅಂತ ಹಲಗೆ ಕುಟ್ಟಿದಳು. ಡ್ರಮ್ಮು ಢಂ ಅಂದಿತು.

ಅವಳು ಹೇಳಿದ್ದು ಇಷ್ಟು. ಪುಸ್ತಕದ ಲೆಕ್ಕದಲ್ಲಿ ಮೂರನ್ನು ಮೊದಲು ಅದರಿಂದಲೇ ಗುಣಿಸಬೇಕು, ಒಂಬತ್ತು ಬರುತ್ತದೆ, ಆಮೇಲೆ ಮುಂದಿರುವ ಮೈನಸ್ಸು ಹಚ್ಚಬೇಕು. ಕಾಲೇಜ್ ಕ್ಯಾಲ್ಕುಲೇಟರ್ ಹಾಗೆ ಮಾಡುತ್ತದೆ. ಅವಳ ಕಂಪ್ಯೂಟರಿನ ಲೆಕ್ಕದ ಹಾಳೆಗೆ ಬೇರೆ ನಿಯಮ. ಸಂಖ್ಯೆಯ ಮುಂದೆ ಅಂಟಿಕೊಂಡ ಮೈನಸ್ಸನ್ನು ಅದು ಮೂಗಿನ ಹಾಗೆ ಸಂಖ್ಯೆಯ ಮೈಯಲ್ಲೇ ಇರುವ ಭಾಗ ಅಂದುಕೊಳ್ಳುತ್ತದೆ. ಮೊದಲು ಮೈನಸ್ ಮೂರು ಮಾಡಿಕೊಂಡು, ಆಮೇಲೆ ಮೈನಸ್ ಮೂರನ್ನು ಮೈನಸ್ ಮೂರರಿಂದ ಗುಣಿಸುತ್ತದೆ. ಎರಡು ಮೈನಸ್ಸು ಸೇರಿ ಪ್ಲಸ್ಸು. ಹಾಗಾಗಿ ಕಳೆಯಬೇಕಾದ ನಲವತ್ತೈದನ್ನು ಕೂಡಿಸಿ ಕೂತಿತ್ತು. ನಡುವಿನ ಸರಳಿಗೆ ದೂರ ಸೊನ್ನೆ, ಸೊನ್ನೆಯನ್ನು ಕೂಡಿದರೂ ಒಂದೇ ಕಳೆದರೂ ಒಂದೇ, ಅದೊಂದು ಮಾತ್ರ ಸರಿ ಬಂದಿತ್ತು. ಕಂಪ್ಯೂಟರಿನಲ್ಲಿ ಅವಳು ನೋಡಿದ್ದು ಸರಿಯಾಗಿ ಅದೊಂದನ್ನೇ.

"ಇನ್ನೂರ ಹತ್ತನ್ನ ಮುಂದೆ ಬರೆದಿದ್ರೆ?" ಅಂತ ತಾನೇ ಕೇಳಿಕೊಂಡು ಬರೆದಳು. ಇನ್ನೂರ ಹತ್ತು, ಕಳೆ, ದೂರದ ಸ್ಕ್ವೇರ್ ಭಾಗಿಸು ಐನೂರು. ನೂರ ಅರವತ್ತೈದು ಬಂತು. ಎರಡು ಸಂಖ್ಯೆಯ ನಡುವೆ ಬಂದರೆ ಅದು ಮೂಗಲ್ಲ, ಕಳೆಯುವ ಚಿಹ್ನೆ. ಆಗ ಸ್ಕ್ವೇರೂ ಭಾಗಾಕಾರವೂ ಮುಗಿಯುವವರೆಗೆ ತೆಪ್ಪಗೆ ಸರದಿಯಲ್ಲಿ ನಿಂತಿರುತ್ತದೆ.

"ಅಂದ್ರೆ ಮೈನಸ್ಸು ಬಾಗಿಲಲ್ಲಿ ನಿಂತ್ರೆ ಮನೆಯವನು, ನಡುವೆ ನಿಂತ್ರೆ ನೆಂಟ," ಅಂದರು ತಾತ.

ಅರ್ಥವಾಯಿತು. ಅರ್ಥವಾದ ಕೂಡಲೇ ಕೋಪ ಇನ್ನೂ ಜಾಸ್ತಿಯಾಯಿತು. ಅರ್ಥವಾಗದ ವಿಷಯಕ್ಕೆ ಬರುವ ಕೋಪಕ್ಕೆ ಒಂದು ಮರ್ಯಾದೆ ಇರುತ್ತದೆ. ಇದಕ್ಕೆ ಅದೂ ಇಲ್ಲ.

ಸೊಸೆ ಕಂಪ್ಯೂಟರ್ ಮುಚ್ಚಿದಳು. ತಂತಿ ಸುತ್ತತೊಡಗಿದಳು.

"ಏನದು?"

"ಇನ್ನೊಂದೇ ಒಂದು ತಪ್ಪು ಅಂದಿದ್ಯಲ್ಲ ಮಾವಾ. ಇದು ಅದೇ. ಗೇಟು ಸರಿ ಮಾಡೋವರೆಗೆ ಇರ್ತೀನಿ, ಸಂಜೆ ಹೋಗ್ತೀನಿ."

ಹೋಗಬೇಡ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಆ ಬಾಯಿಗೆ ಬೇರೆಯದೇ ಅಭ್ಯಾಸ.

ಅಷ್ಟು ಹೊತ್ತಿಗೆ ಬುತ್ತಿ ತೆಗೆದುಕೊಂಡು ಅಕ್ಕ ಬಂದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗೋಡೆಗೆ ಒರಗಿದ್ದ ಗೇಟನ್ನು ತುಂಬಾ ಹೊತ್ತು ನೋಡಿದಳು.

"ದನದ ಆಸ್ಪತ್ರೆ ಅಂದ್ರಿ. ಜಿರಾಫೆನೂ ಬರತ್ತಾ? ಕತ್ತು ಇಡೋಕೆ ಚೆನ್ನಾಗಿ ಜಾಗ ಮಾಡಿದ್ದೀರಿ."

"ಅಕ್ಕಾ, ನೀನು ಸುಮ್ನಿರು!"

"ನನ್ನ ಮೇಲೆ ಕೂಗಬೇಡ. ನಿನ್ನ ಮೂಗು ಒರೆಸಿದವಳು ನಾನು. ಇವಳ್ಯಾಕೆ ಗಂಟು ಕಟ್ತಿದ್ದಾಳೆ?"

"ನಿನ್ನ ತಮ್ಮ ಮಾತು ಕೊಟ್ಟಿದ್ದಾನಮ್ಮ," ಅಂದರು ತಾತ. "ಲಿಸ್ಟ್ ಇನ್ನೊಂದು ಸಲ ತಪ್ಪಿದ್ರೆ ಮನೆಗೆ ಕಳಿಸ್ತೀನಿ ಅಂತ. ಮಾತು ಅಂದ್ರೆ ಮಾತು. ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ. ಇನ್ನೂರೈವತ್ತೈದು ಬರೆದವಳು ಹೋಗಬೇಕು. ಅದನ್ನು ಕತ್ತರಿಸಿ ಅಂತ ನನ್ನ ಮೇಲೆ ಕೂಗಿದವನೂ ಹೋಗಬೇಕು. ಕಣ್ಣುಮುಚ್ಚಿ ಬೆಸೆದ ಇಬ್ಬರೂ ಹೋಗಬೇಕು. ಹದಿನೆಂಟು ಅಂತ ತೀರ್ಪು ಕೊಟ್ಟವನಂತೂ ಓಡಬೇಕು. ಸಂಜೆ ಶೆಟರ್ ಎಳೆಯೋಕೆ ನಾನೊಬ್ಬನೇ ಉಳೀತೀನಿ, ನನ್ನ ಬೆನ್ನು ಇನ್ನಷ್ಟು ಬಗ್ಗಲ್ಲ."

ಅಕ್ಕ ಬುತ್ತಿಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ತಾತನಿಗೆ ಕೊಟ್ಟಳು.

ನಾನು ಗೇಟಿನ ಕಡೆ ತಿರುಗಿದೆ. ಮನುಷ್ಯರ ಕಡೆ ತಿರುಗುವುದಕ್ಕಿಂತ ಅದು ಸುಲಭ. ಆಗ ಒಂದು ವಿಷಯ ಹೊಳೆಯಿತು. ಕಬ್ಬಿಣ ಕಡಿಮೆಯಾದರೆ ಅಳಬೇಕು. ಹೆಚ್ಚಾದರೆ ಗ್ರೈಂಡರ್ ಹಿಡಿಯಬೇಕು. ಬಾಣಲೆಯಲ್ಲಿ ಎಲ್ಲಾ ಸರಳೂ ಬೇಕಾದ್ದಕ್ಕಿಂತ ಉದ್ದ. ಕಡಿಮೆ ಒಂದೂ ಇಲ್ಲ.

"ತಲೆ ಕಡಿದು ಇಳಿಸೋಣ. ಆದ್ರೆ ಮೇಲಿನ ಪಟ್ಟಿ ಹಾಳಾಯ್ತು, ಅದು ಬಾಣಲೆ ಆಕಾರಕ್ಕೆ ಬಗ್ಗಿದೆ. ಹೊಸದು ತಂದು ಬಗ್ಗಿಸೋ ಹೊತ್ತಿಗೆ ನಾಲ್ಕು ಗಂಟೆ ಆಗತ್ತೆ," ಅಂದೆ.

"ಹೊಸದು ಬೇಡ," ಅಂದಳು ಸೊಸೆ. ತಂತಿ ಸುತ್ತುವುದನ್ನು ನಿಲ್ಲಿಸಿರಲಿಲ್ಲ. "ಕೂಡೋ ಬದಲು ಕಳೆಯೋದು, ಅಷ್ಟೇ ತಾನೇ? ಎಷ್ಟು ಮೇಲಕ್ಕೆ ಬಗ್ಗಿದೆಯೋ ಅಷ್ಟೇ ಕೆಳಕ್ಕೆ ಬಗ್ಗಬೇಕು. ಪಟ್ಟಿ ಬಿಚ್ಚಿ ಮಗುಚಿ ಹಾಕಿ. ನಡುವಿನ ತುದಿ ನಡುವೇ ಇರಲಿ."

ನಾವೆಲ್ಲ ಪಟ್ಟಿಯನ್ನು ನೋಡಿದೆವು. ತಾತ ತಮ್ಮ ಕೈಯನ್ನು ಬಾಣಲೆಯಂತೆ ಹಿಡಿದು, ಮಗುಚಿ, ಕಮಾನು ಮಾಡಿ ನೋಡಿಕೊಂಡರು.

"ದೋಸೆ ಮಗುಚೋ ಕೆಲಸ. ಇಷ್ಟಕ್ಕೆ ಇಷ್ಟು ಕೂಗಾಟನಾ?" ಅಂದಳು ಅಕ್ಕ.

ಈ ಸಲ ತಾತನ ಪದ್ಧತಿ ಬಿಡಲಿಲ್ಲ. ನೆಲಕ್ಕೆ ಮೂರು ಮೊಳೆ ಹೊಡೆದರು, ರೀಪು ಬಗ್ಗಿಸಿದರು, ಗೆರೆ ಎಳೆದರು. ಸೊಸೆ ಹೊಸ ಲಿಸ್ಟ್ ಹಿಡಿದು ಒಂದೊಂದೇ ನಂಬರಿನ ಜಾಗದಲ್ಲಿ ಅಳೆದಳು. ಐದನೇ ನಂಬರಿಗೆ ಲಿಸ್ಟು ನೂರ ತೊಂಬತ್ತೆಂಟು ಮುಕ್ಕಾಲು ಅಂದಿತು, ತಾತನ ಗೆರೆ ಅದಕ್ಕೆ ಒಂದು ಬೆರಳಿನೊಳಗೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಎರಡು ಕದವನ್ನೂ ಗೆರೆಯ ಮೇಲೆ ಮಲಗಿಸಿದೆವು. ಪಟ್ಟಿ ಬಿಚ್ಚಿ, ಇಪ್ಪತ್ತು ಸರಳಿನ ತಲೆ ಕಡಿದೆವು. ನಡುವಿನ ಎರಡು ಸೊನ್ನೆ ನಂಬರಿನವು ಮಾತ್ರ ಇದ್ದ ಹಾಗೇ ಉಳಿದವು. ಪಟ್ಟಿ ಮಗುಚಿಟ್ಟಾಗ ಅದು ಹೇಳಿ ಮಾಡಿಸಿದಂತೆ ಕೂತಿತು. ಮೂರು ದಿನದಿಂದ ತಾನು ಹೀಗೆ ಕೂರಬೇಕು ಅಂತ ಅದಕ್ಕೆ ಗೊತ್ತಿತ್ತು ಅನ್ನುವ ಹಾಗೆ. ಆದರೆ ಬಗ್ಗಿದ ಪಟ್ಟಿಯನ್ನು ಒಬ್ಬ ಒತ್ತಿ ಹಿಡಿಯಬೇಕು, ಇನ್ನೊಬ್ಬ ಬೆಸೆಯಬೇಕು. ಕುಳ್ಳನೂ ಉದ್ದಣ್ಣನೂ ಆ ತುದಿಗೊಬ್ಬ ಈ ತುದಿಗೊಬ್ಬ ನಿಂತು ನನ್ನ ಮುಖ ನೋಡಿದರು.

"ಅವನಿಗೆ ಗಟ್ಟಿ ಹಿಡಿಯೋಕೆ ಹೇಳಿ," ಅಂದ ಕುಳ್ಳ ನನಗೆ.

"ಇವತ್ತು ಟಪಾಲು ರಜಾ! ನೀವೇ ಹೇಳ್ಕೊಳ್ಳಿ!"

ಸ್ವಲ್ಪ ಹೊತ್ತು ಗೊಣಗಾಟ. ಆಮೇಲೆ "ಹಿಡಿಯೋ ಭಾವ" ಅನ್ನುವುದು ಕೇಳಿಸಿತು. "ಹಿಡಿದಿದ್ದೀನಿ, ಮೂಗು ಸುಡಬೇಡ" ಅನ್ನುವುದೂ ಕೇಳಿಸಿತು. ಮೂರೂವರೆಗೆ ಎಲ್ಲ ಬೆಸುಗೆ ಮುಗಿದು ಉಜ್ಜುವ ಹೊತ್ತಿಗೆ ಒಂದೇ ಕಪ್ಪು ಕನ್ನಡಕ ಇಬ್ಬರ ಮೂಗಿನ ಮೇಲೂ ಸರದಿಯಂತೆ ಓಡಾಡುತ್ತಿತ್ತು.

ಡಾಕ್ಟರಮ್ಮ ನಾಲ್ಕಕ್ಕೆ ಸರಿಯಾಗಿ ಬಂದರು. ಗೇಟು ಗೋಡೆಗೆ ಒರಗಿ ನಿಂತಿತ್ತು, ನಡುವೆ ಎತ್ತರ, ಎರಡು ಕಡೆ ಇಳಿಜಾರು. ಟೇಪು ಹಿಡಿದು ತಾವೇ ಅಳೆದರು. ಇನ್ನೂರ ಹತ್ತು. ನೂರ ಅರವತ್ತೈದು. ಈ ಕಡೆಯೂ ನೂರ ಅರವತ್ತೈದು.

"ಚೆನ್ನಾಗಿದೆ," ಅಂದರು. ಆಮೇಲೆ ನೆಲದ ಮೇಲೆ ಕಣ್ಣು ಹೋಯಿತು. ಕಡಿದ ತುಂಡುಗಳನ್ನು ಸೊಸೆ ಸಾಲಾಗಿ ಜೋಡಿಸಿಟ್ಟಿದ್ದಳು. ಒಂದು ಸೆಂಟಿಮೀಟರೂ ಇಲ್ಲದ ಚೂರಿನಿಂದ ಹಿಡಿದು ತೊಂಬತ್ತರವರೆಗೆ, ಒಂದಕ್ಕಿಂತ ಒಂದು ಉದ್ದ, ಎರಡೆರಡು. "ಇದೇನು, ಹೊಸ ವಾದ್ಯನಾ?"

ನಾನು ಏನೋ ಒಂದು ಹೇಳಿ ಮುಚ್ಚಿಹಾಕಲು ಬಾಯಿ ತೆರೆದೆ. ಸೊಸೆ ನನಗಿಂತ ಮುಂಚೆ ಹೇಳಿಬಿಟ್ಟಳು.

"ಅದು ನನ್ನ ತಪ್ಪು ಡಾಕ್ಟ್ರೇ. ಹನ್ನೊಂದು ಗಂಟೆವರೆಗೆ ಇದು ಕಮಾನಲ್ಲ, ಬಾಣಲೆ ಆಗಿತ್ತು. ಲೆಕ್ಕದಲ್ಲಿ ಮೈನಸ್ ಎಲ್ಲಿಡಬೇಕು ಅಂತ ನೋಡ್ಕೊಳ್ಳಲಿಲ್ಲ."

ಡಾಕ್ಟರಮ್ಮ ತುಂಡುಗಳನ್ನು ನೋಡಿದರು, ಗೇಟನ್ನು ನೋಡಿದರು, ನನ್ನನ್ನು ನೋಡಿದರು.

"ಲಿಸ್ಟ್ ಓದದೇ ಕತ್ತರಿಸಿ ಅಂದವನು ನಾನು," ಅಂದೆ. ಹೇಗೆ ಬಂತೋ ಗೊತ್ತಿಲ್ಲ. ತಾತ ತಮ್ಮ ಕಿವಿಯಲ್ಲಿ ಬೆರಳಾಡಿಸಿ ಇನ್ನೊಮ್ಮೆ ಹೇಳಪ್ಪಾ ಅಂದರು.

"ನಮ್ಮಲ್ಲಿ ಎಮ್ಮೆ ತಪ್ಪು ಒಪ್ಪಿಕೊಳ್ಳತ್ತೆ, ಮಾಲೀಕರು ಒಪ್ಪಲ್ಲ," ಅಂದರು ಡಾಕ್ಟರಮ್ಮ. "ನಾಳೆ ಬೆಳಿಗ್ಗೆ ತನ್ನಿ. ಆಸ್ಪತ್ರೆಯ ಹಿಂದುಗಡೆಗೂ ಒಂದು ಗೇಟು ಬೇಕು. ಅಳತೆ ಈ ಹುಡುಗಿಗೇ ಕೊಡ್ತೀನಿ."

ಅವರು ಹೋದ ಮೇಲೆ ಸೊಸೆ ಚೀಲ ಹೆಗಲಿಗೆ ಹಾಕಿಕೊಂಡಳು.

"ಬರ್ತೀನಿ ಮಾವಾ."

"ಆ ಡ್ರಮ್ಮು ನನಗೆ ಬೇಕು," ಅಂದೆ.

"ತಗೋ. ನಾನು ಹೋಗ್ತಾ ಇದ್ದೀನಲ್ಲ."

"ಪ್ರೈಮರ್ ಹಾಕಿಡೋಕೆ ಬೇಕು. ಹಿಂದಿನ ಗೇಟಿಗೆ. ಹಾಗಾಗಿ ನಿನಗೆ ಬೇರೆ ವ್ಯವಸ್ಥೆ ಮಾಡಬೇಕಾಗತ್ತೆ." ನಾನು ಅವಳ ಕಡೆ ನೋಡದೆ ತುಂಡುಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹತ್ತನೇ ನಂಬರಿನವು ಎರಡು, ತೊಂಬತ್ತು. ಒಂಬತ್ತನೇ ನಂಬರಿನವು ಎರಡು, ಎಪ್ಪತ್ತಮೂರಕ್ಕೆ ಒಂದು ಗೆರೆ ಕಡಿಮೆ. ಉದ್ದದ ಎರಡನ್ನು ಗಿಡ್ಡದ ಅಳತೆಗೆ ಕಡಿದರೆ ನಾಲ್ಕು ಕಾಲು. ಟೇಬಲ್ಲಿಗೆ ಅಳತೆ ತೆಗೆದ ಹಾಗಿತ್ತು. ಅಡ್ಡಪಟ್ಟಿಗೆ ಮಿಕ್ಕ ತುಂಡುಗಳಿದ್ದವು.

"ಅವು ನನ್ನ ತಪ್ಪಿನ ತುಂಡುಗಳು ಮಾವಾ."

"ಗೊತ್ತು. ಅದಕ್ಕೇ ಕಾಲಿಗೆ ಹಾಕ್ತಿರೋದು. ಮುಂದೆ ಪ್ರತಿ ಲಿಸ್ಟ್ ಬರೆಯುವಾಗ ಮೊಣಕಾಲಿಗೆ ತಾಗ್ತಾ ಇರಲಿ."

ಅವಳು ಚೀಲ ಕೆಳಗಿಟ್ಟಳೋ ಇಲ್ಲವೋ ಅಂತ ನಾನು ನೋಡಲಿಲ್ಲ. ಕೇಳಿಸಿಕೊಂಡೆ. ಇಟ್ಟಳು.

"ಮಾತು ಅಂದ್ರೆ ಮಾತು ಅಲ್ವೇನಪ್ಪಾ?" ಅಂದರು ತಾತ.

"ಒಂದು ತಪ್ಪು ಆದ್ರೆ ಮನೆಗೆ ಅಂದಿದ್ದೆ. ಇವಳು ಒಂದು ಮಾಡಿದ್ಲು, ನಾನು ಒಂದು ಮಾಡ್ದೆ. ಎರಡು ಮೈನಸ್ಸು ಸೇರಿದ್ರೆ ಪ್ಲಸ್ಸು. ಲೆಕ್ಕ ಬರದವರು ನಡುವೆ ಬಾಯಿ ಹಾಕಬೇಡಿ!"

ಕಾಲು ಕಡಿದು, ಬೆಸೆದು, ನಿಲ್ಲಿಸಿದೆವು. ಅಲುಗಾಡಲಿಲ್ಲ. ಇನ್ನು ಮೇಲಕ್ಕೆ ಹಲಗೆ. ನೂರಿಪ್ಪತ್ತು ಸೆಂಟಿಮೀಟರ್ ಉದ್ದದ ಪ್ಲೈವುಡ್ಡು ಸಾಕಿತ್ತು, ಅಂಚು ಹೆರೆಯುವುದಕ್ಕೆ ಸ್ವಲ್ಪ ಹೆಚ್ಚಿಗೆ ಇರಲಿ ಅನ್ನಿಸಿತು. ಬಾಯಿಗೆ ಅಭ್ಯಾಸವಾದದ್ದು ಬಂದೇಬಿಟ್ಟಿತು.

"ಬರ್ಕೋ. ನೂರಿಪ್ಪತ್ತು, ಅದರ ಮೇಲೆ ಹತ್ತು ಪರ್ಸೆಂಟ್."

ಸೊಸೆ ಪೆನ್ನು ಎತ್ತಿ ನನ್ನ ಮುಖ ನೋಡಿದಳು.

"ನಿನ್ನ ಹತ್ತು ಪರ್ಸೆಂಟಾ ಮಾವಾ, ನನ್ನ ಹತ್ತು ಪರ್ಸೆಂಟಾ?"

ಕುಳ್ಳ ಉದ್ದಣ್ಣನ ಹೆಗಲ ಮೇಲೆ ಬಿದ್ದು ನಗತೊಡಗಿದ. ನಾನು ಕಿಸೆಯಲ್ಲಿದ್ದ ಕ್ಯಾಲ್ಕುಲೇಟರಿಗೆ ಕೈ ಹಾಕಿದವನು, ಹದಿನೆಂಟು ನೆನಪಾಗಿ, ಕೈ ತೆಗೆದುಬಿಟ್ಟೆ.

"ತಾತನಿಗೆ ಟೇಪು ಕೊಡು," ಅಂದೆ.